ಒಂದು ಎಕೋದಲ್ಲಿ ಮಾಡರೇಟ್, ಇನ್ನೊಂದರಲ್ಲಿ ಸಿವಿಯರ್: ಮೈಟ್ರಲ್ ಲೀಕ್ ನಿಜಕ್ಕೂ ಎಷ್ಟು? ರಿಪೇರಿನಾ, ಬದಲಿಸೋದಾ?

ಸಂಧ್ಯಾ_ಕೆ
ಅಪ್ಪನಿಗೆ 58 ವರ್ಷ. ಬೇರೆ ಯಾವುದಕ್ಕೋ ಚೆಕಪ್‌ಗೆ ಹೋದಾಗ ಎದೆಯಲ್ಲಿ ಮರ್ಮರ್ ಕೇಳಿಸ್ತಿದೆ ಅಂದರು, ಎಕೋ ಮಾಡಿಸಿದೆವು. ಮೈಟ್ರಲ್ ವಾಲ್ವ್ ಲೀಕ್, ಮಾಡರೇಟ್, ವರ್ಷಕ್ಕೊಮ್ಮೆ ನೋಡಿಸಿ ಅಂತ ಬರೆದಿತ್ತು. ಸಮಾಧಾನ ಆಗದೆ ಎರಡು ವಾರದ ನಂತರ ಬೇರೆ ಕಡೆ ಮಾಡಿಸಿದೆವು. ಅಲ್ಲಿ ಸಿವಿಯರ್ ಅಂದರು, ಸರ್ಜನ್ ಹತ್ತಿರ ಕಳಿಸಿದರು. ಎರಡು ವಾರದಲ್ಲಿ ಮಾಡರೇಟ್ ಸಿವಿಯರ್ ಆಗಿಬಿಡುತ್ತಾ? ಅಪ್ಪನಿಗೆ ಒಂದು ತೊಂದರೆಯೂ ಇಲ್ಲ, ಮೆಟ್ಟಿಲು ಹತ್ತುತ್ತಾರೆ, ಉಸಿರು ಕಟ್ಟಲ್ಲ.

ಎರಡನೇ ರಿಪೋರ್ಟ್‌ನಲ್ಲಿ ಇರುವುದು: ಪಿ2 ಭಾಗ ಫ್ಲೇಲ್, ದಾರ ಒಂದು ಹರಿದಿದೆ, ಎಕ್ಸೆಂಟ್ರಿಕ್ ಜೆಟ್. ಪೀಸಾ ರೇಡಿಯಸ್ 1.0 ಸೆಂ.ಮೀ., ಇಆರ್‌ಓಎ 0.48, ರಿಗರ್ಜಿಟೆಂಟ್ ವಾಲ್ಯೂಮ್ 67 ಮಿ.ಲೀ. ಇಎಫ್ 61%. ಎಡ ಕುಹರ ಸಂಕುಚಿತ ಸ್ಥಿತಿಯಲ್ಲಿ 41 ಮಿ.ಮೀ. ಕೆಳಗೆ "ನಾರ್ಮಲ್ ಎಲ್‌ವಿ ಫಂಕ್ಷನ್". ಮೊದಲನೇ ರಿಪೋರ್ಟ್‌ನಲ್ಲಿ ಈ ಅಂಕಿ ಒಂದೂ ಇಲ್ಲ, "ಮಾಡರೇಟ್ ಎಂಆರ್" ಅಂತ ಒಂದೇ ಸಾಲು.

ಸರ್ಜನ್ ಒಪ್ಪಿಗೆ ಪತ್ರದಲ್ಲಿ "ರಿಪೇರಿ ಅಥವಾ ಬದಲಿ" ಅಂತ ಎರಡನ್ನೂ ಬರೆದಿದ್ದಾರೆ. ಇದೇನು, ಒಳಗೆ ಹೋದ ಮೇಲೆ ತೀರ್ಮಾನ ಮಾಡ್ತಾರಾ? ನನಗೆ ಅದೇ ಹೆದರಿಕೆ.

ಗಿರೀಶ_ಬಿ
ಮೇಡಂ, ಗಾಬರಿ ಬೇಡ. ಇಎಫ್ 61 ಅಂದರೆ ಪೂರ್ತಿ ನಾರ್ಮಲ್, 55ರ ಮೇಲೆ ಇದ್ದರೆ ಸಾಕು. ಲಕ್ಷಣ ಇಲ್ಲ, ಪಂಪ್ ಚೆನ್ನಾಗಿದೆ. ಇಂಥವರನ್ನು ಆರು ತಿಂಗಳಿಗೊಮ್ಮೆ ಎಕೋ ಮಾಡಿ ನೋಡ್ತಾ ಇರಬಹುದು. ಉಸಿರಾಟದ ತೊಂದರೆ ಶುರುವಾದರೆ ಆಪರೇಷನ್. ಸುಮ್ನೆ ಎದೆ ತೆರೆಸಿಕೊಳ್ಳೋದು ಯಾಕೆ? ನಮ್ಮ ಮಾವನೂ ಲೀಕ್ ಇಟ್ಟುಕೊಂಡೇ ಒಂಬತ್ತು ವರ್ಷದಿಂದ ಇದ್ದಾರೆ.

ಮಂಜುಳಾ_ಆರ್
ನಮ್ಮ ಅಮ್ಮನಿಗೂ ಮೈಟ್ರಲ್ ವಾಲ್ವೇ ಸಂಧ್ಯಾ ಅವರೇ. ಮೊದಲು ರಿಪೇರಿ ಮಾಡಿದರು, ಆರು ವರ್ಷಕ್ಕೆ ಮತ್ತೆ ಲೀಕ್, ಎರಡನೇ ಸಲ ಎದೆ ತೆರೆದು ಮೆಟಲ್ ವಾಲ್ವ್ ಹಾಕಿದರು. ಮೊದಲೇ ಬದಲಿಸಿದ್ದರೆ ಎರಡನೇ ಸಲದ ನೋವು ತಪ್ಪುತ್ತಿತ್ತು ಅಂತ ನಾವೆಲ್ಲ ಈಗಲೂ ಹೇಳ್ತೀವಿ. ನನ್ನ ಕೇಳಿದರೆ ಬದಲಿಸಿಯೇ ಬಿಡಿ ಅಂತ ಬರೆಸಿಕೊಳ್ಳಿ.

ಎಕೋರೂಮ್
ಹನ್ನೊಂದು ವರ್ಷದಿಂದ ಎಕೋ ಮಾಡ್ತಿದ್ದೀನಿ, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ, ತಾಳ್ಮೆ ಇರಲಿ.

ಎರಡು ವಾರದಲ್ಲಿ ಲೀಕ್ ಬೆಳೆದಿರುವ ಸಾಧ್ಯತೆ ಕಡಿಮೆ. ಅಳೆದ ರೀತಿ ಬೇರೆ ಇರಬೇಕು. ಮೊದಲನೇ ಕಡೆ ಪ್ರಾಯಶಃ ಬಣ್ಣ ನೋಡಿ ಹೇಳಿದ್ದಾರೆ, ಎಡ ಹೃತ್ಕರ್ಣದೊಳಗೆ ಬಣ್ಣ ಎಷ್ಟು ಹರಡಿದೆ ಅಂತ. ಈ ಬಣ್ಣ ತೋರಿಸೋದು ರಕ್ತದ ವೇಗವನ್ನು, ರಕ್ತದ ಅಳತೆಯನ್ನಲ್ಲ. ಮಧ್ಯದಲ್ಲಿ ನೇರ ಹೋಗುವ ಸಣ್ಣ ಲೀಕ್ ಸುತ್ತಲಿನ ರಕ್ತವನ್ನೂ ಎಳೆದುಕೊಂಡು ದೊಡ್ಡದಾಗಿ ಕಾಣುತ್ತೆ. ಗೋಡೆಗೆ ಅಂಟಿಕೊಂಡು ಹರಿಯುವ ದೊಡ್ಡ ಲೀಕ್ ತೆಳ್ಳಗೆ, ಬಡವಾಗಿ ಕಾಣುತ್ತೆ. ನಿಮ್ಮ ಅಪ್ಪನದು ಎಕ್ಸೆಂಟ್ರಿಕ್ ಜೆಟ್, ಅಂದರೆ ಓರೆಯಾಗಿ ಹೋಗುವ ಲೀಕ್. ವಾಲ್ವ್ ಎಲೆಯ ಪಿ2 ಭಾಗ ಹಿಡಿತ ತಪ್ಪಿ ಮೇಲೆದ್ದಿರುವುದರಿಂದ ರಕ್ತ ಮುಂದಿನ ಕಡೆಗೆ ತಿರುಗಿ ಗೋಡೆ ಹಿಡಿದು ಹೋಗುತ್ತೆ. ಬಣ್ಣ ನೋಡಿ ಗ್ರೇಡ್ ಹೇಳುವವರು ಹೆಚ್ಚು ಮೋಸ ಹೋಗೋದು ಇಂಥದ್ದರಲ್ಲೇ. ಮೆಷಿನ್‌ನಲ್ಲಿ ಬಣ್ಣದ ಸ್ಕೇಲ್ ಇಳಿಸಿದರೆ ಅದೇ ಲೀಕ್ ದೊಡ್ಡದಾಗುತ್ತೆ, ಏರಿಸಿದರೆ ಚಿಕ್ಕದಾಗುತ್ತೆ. ನಾನೇ ವಿದ್ಯಾರ್ಥಿಗಳಿಗೆ ಗುಂಡಿ ತಿರುಗಿಸಿ ತೋರಿಸ್ತೀನಿ, ಒಂದೇ ರೋಗಿ, ಒಂದೇ ನಿಮಿಷದಲ್ಲಿ ಮೈಲ್ಡ್‌ನಿಂದ ಮಾಡರೇಟ್.

ಎರಡನೇ ಕಡೆ ಪೀಸಾ ಮಾಡಿದ್ದಾರೆ. ತೊಟ್ಟಿಯ ತೂತಿನ ಕಡೆ ನೀರು ಎಳೆದುಕೊಂಡು ಹೋಗುವಾಗ ಹತ್ತಿರ ಬಂದಂತೆ ವೇಗ ಏರುತ್ತಲ್ಲ, ಹಾಗೇ ಲೀಕ್ ತೂತಿನ ಹಿಂದೆ ರಕ್ತ ವೇಗ ಹಿಡಿಯುತ್ತೆ. ಒಂದು ನಿರ್ದಿಷ್ಟ ವೇಗದಲ್ಲಿ ಮೆಷಿನ್ ಬಣ್ಣ ಬದಲಿಸುತ್ತೆ, ಅಲ್ಲಿ ಅರ್ಧ ಚೆಂಡಿನ ಆಕಾರ ಕಾಣುತ್ತೆ. ಅದರ ರೇಡಿಯಸ್ ಅಳೆದರೆ ತೂತಿನ ಗಾತ್ರ ಲೆಕ್ಕ ಹಾಕಬಹುದು, ಅದೇ ಇಆರ್‌ಓಎ. ನಿಮ್ಮ ಅಪ್ಪನ ಲೆಕ್ಕ, ಬಣ್ಣ ಬದಲಾಗುವ ವೇಗ Va ಸೆಕೆಂಡಿಗೆ 38 ಸೆಂ.ಮೀ. ಅಂತಲೂ ಲೀಕ್‌ನ ಗರಿಷ್ಠ ವೇಗ Vmax ಸೆಕೆಂಡಿಗೆ 5 ಮೀಟರ್, ಅಂದರೆ 500 ಸೆಂ.ಮೀ. ಅಂತಲೂ ಇಟ್ಟುಕೊಂಡರೆ 0.48ಕ್ಕೆ ಸರಿಯಾಗಿ ಬರುತ್ತೆ:

```
EROA = 2 × 3.14 × r² × Va / Vmax
     = 6.28 × (1.0)² × 38 / 500
     = 0.48 cm²
```

ಸಿವಿಯರ್ ಅನ್ನಲು ಗಡಿ 0.40. ಒಂದು ಬಡಿತಕ್ಕೆ ಹಿಂದಕ್ಕೆ ಹೋಗುವ ರಕ್ತದ ಗಡಿ 60 ಮಿ.ಲೀ., ನಿಮ್ಮದು 67. ಎರಡೂ ದಾಟಿದೆ.

ಆದರೆ ಇದನ್ನೂ ಕಣ್ಣು ಮುಚ್ಚಿ ನಂಬಬೇಡಿ. ರೇಡಿಯಸ್ ವರ್ಗ ಆಗುತ್ತೆ ನೋಡಿ. 1.0 ಬದಲು 0.9 ಅಂತ ಅಳೆದಿದ್ದರೆ 0.39, ಅಂದರೆ ಸಿವಿಯರ್ ಅಲ್ಲ! 1.1 ಅಂತ ಅಳೆದಿದ್ದರೆ 0.58. ಒಂದು ಮಿಲಿಮೀಟರ್‌ನ ಆಟ, ಕೈ ಸ್ವಲ್ಪ ಅಲುಗಿದರೂ ಅಷ್ಟು ವ್ಯತ್ಯಾಸ ಬರುತ್ತೆ. ಜೊತೆಗೆ ಫ್ಲೇಲ್ ಇದ್ದಾಗ ಪಕ್ಕದ ಗೋಡೆ ಅಡ್ಡ ಬಂದು ಅರ್ಧ ಚೆಂಡಿನ ಆಕಾರ ಸರಿಯಾಗಿ ಮೂಡಲ್ಲ, ಲೆಕ್ಕ ಜಾಸ್ತಿ ತೋರಿಸಬಹುದು. ಹಾಗಾಗಿ ಇನ್ನೊಂದು ದಾರಿಯಲ್ಲಿ ತಾಳೆ ನೋಡಬೇಕು. ಕುಹರದ 3ಡಿ ವಾಲ್ಯೂಮ್ ಇದೆಯಾ ರಿಪೋರ್ಟ್‌ನಲ್ಲಿ? ಎಲ್‌ವಿಓಟಿ ಸ್ಟ್ರೋಕ್ ವಾಲ್ಯೂಮ್ ಇದೆಯಾ?

ಗಿರೀಶ್ ಅವರ ಇಎಫ್ ಮಾತಿಗೆ ಆಮೇಲೆ ಬರ್ತೀನಿ, ಅದು ಅರ್ಧ ಸರಿ.

ಸಂಧ್ಯಾ_ಕೆ
ಇದೆ. 3ಡಿ ಅಂತ ಬರೆದು ತುಂಬಿದಾಗ 205, ಸಂಕುಚಿತ ಆದಾಗ 80. ಎಲ್‌ವಿಓಟಿ ಸ್ಟ್ರೋಕ್ ವಾಲ್ಯೂಮ್ 60.

ಎಕೋರೂಮ್
ಸರಿ, ಈಗ ನೋಡಿ. ಕುಹರ ಒಂದು ಬಡಿತಕ್ಕೆ ಹೊರಗೆ ತಳ್ಳಿದ್ದು 205ರಲ್ಲಿ 80 ಕಳೆದರೆ 125. ಅದರಲ್ಲಿ ಮಹಾಪಧಮನಿ ಮೂಲಕ ಮುಂದೆ ಹೋಗಿದ್ದು 60. ಉಳಿದ 65 ಎಲ್ಲಿ ಹೋಯಿತು? ಹಿಂದಕ್ಕೆ. ಪೀಸಾ ಹೇಳಿದ್ದು 67. ಬೇರೆ ಬೇರೆ ಎರಡು ದಾರಿಯಲ್ಲಿ ಅಳೆದು ಎರಡು ಮಿ.ಲೀ. ವ್ಯತ್ಯಾಸ ಬಂದರೆ ನನಗೆ ನಂಬಿಕೆ ಬರುತ್ತೆ. ತಳ್ಳಿದ್ದರ ಅರ್ಧಕ್ಕಿಂತ ಜಾಸ್ತಿ, 52%, ವಾಪಸ್ ಹೋಗ್ತಿದೆ. ಇಲ್ಲಿ 50ರ ಮೇಲೆ ಸಿವಿಯರ್. ಕುಹರವೂ ಹಿಗ್ಗಿದೆ, ಇಷ್ಟು ವಾಪಸ್ ಬರುವ ರಕ್ತ ಹೊತ್ತರೆ ಹಾಗೇ ಆಗುತ್ತೆ. ಇಲ್ಲಿ ಎಲ್ಲವೂ ಒಂದೇ ಕಡೆ ಬೆರಳು ತೋರಿಸ್ತಿದೆ. ಸಿವಿಯರ್.

ಈಗ ಗಿರೀಶ್ ಅವರೇ. ಇಎಫ್ ಅಂದರೆ ತುಂಬಿದ್ದರಲ್ಲಿ ಎಷ್ಟು ಪಾಲು ಹೊರಗೆ ಹೋಯಿತು ಅಂತ. ಎಲ್ಲಿಗೆ ಹೋಯಿತು ಅಂತ ಅದು ಕೇಳಲ್ಲ. ಲೀಕ್ ಇರುವ ಕುಹರಕ್ಕೆ ಹಿಂದೆ ಒಂದು ಸುಲಭದ ಬಾಗಿಲು ತೆರೆದಿರುತ್ತೆ, ಅಲ್ಲಿ ಪ್ರೆಶರ್ ಕಡಿಮೆ, ತಳ್ಳೋದು ಹಗುರ. 61 ಅನ್ನೋದರಲ್ಲಿ ಅಪ್ಪನ ಮೈಗೆ ಹೋಗ್ತಿರೋದು 205ಕ್ಕೆ 60, ಅಂದರೆ 29%. ಆ ಸುಲಭ ಬಾಗಿಲು ಇದ್ದೂ 60ರ ಹತ್ತಿರ ಬಂದಿದೆ ಅಂದರೆ ಸ್ನಾಯು ಸೋಲಲು ಶುರು ಮಾಡಿದೆ ಅಂತ ಅರ್ಥ ಮಾಡಿಕೊಳ್ತಾರೆ. ಅದಕ್ಕೇ ಈ ಕಾಯಿಲೆಯಲ್ಲಿ ಎಚ್ಚರದ ಗೆರೆ 55 ಅಲ್ಲ, 60. ಇನ್ನೊಂದು ಗೆರೆ ಸಂಕುಚಿತ ಅಳತೆ 40 ಮಿ.ಮೀ. ಅಪ್ಪನದು 41. ಅಮೆರಿಕದ 2020ರ ಗೈಡ್‌ಲೈನ್‌ನಲ್ಲಿ ಸಿವಿಯರ್ ಪ್ರೈಮರಿ ಎಂಆರ್, ಅಂದರೆ ವಾಲ್ವೇ ಕೆಟ್ಟು ಆಗುವ ಮೈಟ್ರಲ್ ಲೀಕ್ ಇದ್ದು ಇವೆರಡರಲ್ಲಿ ಯಾವುದೇ ಒಂದು ಗೆರೆ ದಾಟಿದ್ದರೆ ಲಕ್ಷಣ ಇಲ್ಲದಿದ್ದರೂ ಆಪರೇಷನ್ ಮಾಡಿ ಅಂತ ಗಟ್ಟಿಯಾಗಿ ಹೇಳಿದೆ. ಉಸಿರು ಕಟ್ಟುವವರೆಗೆ ಕಾಯೋದು ಈ ಅಂಕಿಗೆ ಸರಿಹೊಂದಲ್ಲ.

ಗಿರೀಶ_ಬಿ
60 ಅನ್ನೋದು ನನಗೆ ಗೊತ್ತಿರಲಿಲ್ಲ, ಒಪ್ಪಿದೆ. ಆದರೆ ಒಂದು ಮಿಲಿಮೀಟರ್ ಆಚೀಚೆ ಆಗುತ್ತೆ ಅಂತ ನೀವೇ ಹೇಳಿದಿರಿ. 41 ಅನ್ನೋದನ್ನು ಮಾತ್ರ ಹೇಗೆ ನಂಬ್ತೀರಿ? ಅದು 39 ಕೂಡ ಆಗಬಹುದಲ್ವಾ?

ಎಕೋರೂಮ್
ಆಗಬಹುದು. ಒಳ್ಳೆ ಪ್ರಶ್ನೆ. ಅದಕ್ಕೇ ಒಂದೇ ಅಳತೆ ಹಿಡಿದು ಯಾರೂ ಥಿಯೇಟರ್‌ಗೆ ಕರೆದೊಯ್ಯಬಾರದು. ಆದರೆ ಇಲ್ಲಿ 39 ಆದರೂ ಮಾತು ಜಾಸ್ತಿ ಬದಲಾಗಲ್ಲ. ಇವರದು ಪಿ2. ರಿಪೇರಿ ಆಗುವ ಸಂಭವ ಬಹಳ ಜಾಸ್ತಿ ಇದ್ದರೆ ಗೆರೆ ದಾಟುವ ಮೊದಲೇ ಮಾಡಬಹುದು ಅಂತಲೂ ಅದೇ ಗೈಡ್‌ಲೈನ್‌ನಲ್ಲಿದೆ. ಷರತ್ತು ಏನಂದರೆ ಗಟ್ಟಿ ರಿಪೇರಿ ಸಿಗುವ ಸಂಭವ 95%ಗಿಂತ ಜಾಸ್ತಿ ಇರಬೇಕು, ಆಪರೇಷನ್‌ನಲ್ಲಿ ಸಾವಿನ ಅಪಾಯ 1%ಗಿಂತ ಕಡಿಮೆ ಇರಬೇಕು, ಅಂಥ ಅನುಭವದ ಕೇಂದ್ರದಲ್ಲಿ. ಅಂದರೆ "ಯಾವಾಗ" ಅನ್ನೋ ಪ್ರಶ್ನೆಗೆ ಉತ್ತರ "ಯಾರು ಮಾಡ್ತಾರೆ, ರಿಪೇರಿ ಆಗುತ್ತಾ" ಅನ್ನೋದರ ಮೇಲೆ ನಿಂತಿದೆ.

ರಘು_ಪಿ
ನನ್ನ ಕತೆ ಇದಕ್ಕೆ ಉಲ್ಟಾ, ಸೇರಿಸ್ತೀನಿ. ನನಗೆ 34. ರಿಪೋರ್ಟ್‌ನಲ್ಲಿ ಇಆರ್‌ಓಎ 0.42, ಸಿವಿಯರ್. ಆಪರೇಷನ್‌ಗೆ ದಿನ ನೋಡೋಣ ಅಂದರು. ಆದರೆ ಕುಹರ, ಹೃತ್ಕರ್ಣ ಎರಡೂ ನಾರ್ಮಲ್ ಸೈಜ್. ಎರಡನೇ ಅಭಿಪ್ರಾಯಕ್ಕೆ ಹೋದಾಗ ಆ ಡಾಕ್ಟರ್ ಚಿತ್ರ ನೋಡಿ ಒಂದು ಮಾತು ಕೇಳಿದರು: ಸಿವಿಯರ್ ಲೀಕ್ ಇದ್ದು ಹೃದಯ ಹಿಗ್ಗೇ ಇಲ್ಲ ಅಂದರೆ ರಕ್ತ ಎಲ್ಲಿ ಹೋಗ್ತಿದೆ? ನನ್ನ ವಾಲ್ವ್ ಬಡಿತದ ಕೊನೆಯಲ್ಲಿ ಮಾತ್ರ ಹೊರಳುತ್ತಂತೆ. ಮೊದಲ ಅರ್ಧದಲ್ಲಿ ಲೀಕೇ ಇಲ್ಲ. ಕೊನೆಯ ಕ್ಷಣದ ಒಂದು ಫ್ರೇಮ್ ಹಿಡಿದು ಅಳೆದಿದ್ದಕ್ಕೆ 0.42 ಬಂದಿತ್ತು. ಕಾರ್ಡಿಯಾಕ್ ಎಂಆರ್‌ಐ ಮಾಡಿಸಿದರು, ಹಿಂದಕ್ಕೆ ಹೋಗ್ತಿದ್ದಿದ್ದು ಬಡಿತಕ್ಕೆ 27 ಮಿ.ಲೀ. ಈಗ ವರ್ಷಕ್ಕೊಂದು ಎಕೋ ಅಷ್ಟೇ.

ಎಕೋರೂಮ್
ರಘು ಅವರೇ, ಇದನ್ನು ನಾನು ಬರೆಯೋದು ಮರೆತಿದ್ದೆ. ತೂತು ಎಷ್ಟು ದೊಡ್ಡದು ಅನ್ನೋದು ಒಂದು, ಎಷ್ಟು ಹೊತ್ತು ತೆರೆದಿರುತ್ತೆ ಅನ್ನೋದು ಇನ್ನೊಂದು. ತೂತಿನ ಗಾತ್ರವನ್ನು ಒಂದು ಬಡಿತದಲ್ಲಿ ಲೀಕ್ ರಕ್ತ ಓಡುವ ದೂರದಿಂದ ಗುಣಿಸಬೇಕು, ಆ ದೂರ 140 ಸೆಂ.ಮೀ. ಅಂತ ಇಟ್ಟುಕೊಳ್ಳಿ. ನಿಮ್ಮದು ಪೂರ್ತಿ ಬಡಿತ ತೆರೆದಿದ್ದರೆ 0.42 × 140, ಅಂದರೆ 59 ಮಿ.ಲೀ. ಕೊನೆಯ ಭಾಗ ಮಾತ್ರ ಅಂದರೆ 140ರ ಜಾಗದಲ್ಲಿ 60 ಹಾಕಬೇಕು, 25 ಆಗುತ್ತೆ. ಎಂಆರ್‌ಐ 27 ಅಂದಿದೆ, ಹೆಚ್ಚುಕಡಿಮೆ ಅದೇ. ಇದು ಎಕೋ ಚಿತ್ರದಲ್ಲೇ ಗೊತ್ತಾಗುತ್ತೆ, ಡಾಪ್ಲರ್ ಗೆರೆ ಬಡಿತದ ಕೊನೆಯಲ್ಲಿ ಮಾತ್ರ ದಟ್ಟವಾಗಿರುತ್ತೆ. ಸಂಧ್ಯಾ ಅವರೇ, ಅಪ್ಪನ ರಿಪೋರ್ಟ್‌ನಲ್ಲಿ ಹೋಲೋಸಿಸ್ಟೋಲಿಕ್ ಅಂತ ಪದ ಇದೆಯಾ ನೋಡಿ. ದಾರ ಹರಿದಿದ್ದರೆ ಸಾಮಾನ್ಯವಾಗಿ ಪೂರ್ತಿ ಬಡಿತ ಇರುತ್ತೆ.

ಸಂಧ್ಯಾ_ಕೆ
ಹೌದು, ಹೋಲೋಸಿಸ್ಟೋಲಿಕ್ ಅಂತಲೇ ಇದೆ. ಲೆಕ್ಕ ಅರ್ಥ ಆಯ್ತು. ಈಗ ರಿಪೇರಿ ವಿಷಯ ಹೇಳಿ ಯಾರಾದರೂ. ಮಂಜುಳಾ ಅವರ ಮಾತು ಕೇಳಿ ಅಮ್ಮ "ಬದಲಿಸಿಯೇ ಬಿಡಲಿ" ಅಂತಿದ್ದಾರೆ.

ನಿದ್ದೆಡಾಕ್ಟರ್
ಹೃದಯದ ಆಪರೇಷನ್‌ಗಳಿಗೆ ಅರಿವಳಿಕೆ ಕೊಡುವವನು ನಾನು. ಸರ್ಜನ್ ಅಲ್ಲ, ಆದರೆ ರೋಗಿಯ ತಲೆ ಹತ್ತಿರ ನಿಂತು ಟಿಇಇ, ಅಂದರೆ ಅನ್ನನಾಳದೊಳಗಿಂದ ಮಾಡುವ ಎಕೋ ನೋಡೋದು ನನ್ನ ಕೆಲಸ. ಹಾಗಾಗಿ ಅಲ್ಲಿ ಏನು ನಡೆಯುತ್ತೆ ಅಂತ ಹೇಳಬಲ್ಲೆ.

ಮೊದಲು ಮಂಜುಳಾ ಅವರಿಗೆ ಒಂದು ಪ್ರಶ್ನೆ. ನಿಮ್ಮ ಅಮ್ಮನಿಗೆ ಚಿಕ್ಕಂದಿನಲ್ಲಿ ಗಂಟು ನೋವು, ಜ್ವರ ಬಂದಿತ್ತಾ? ರುಮ್ಯಾಟಿಕ್ ಅಂತ ಹೇಳಿದ್ದರಾ?

ಮಂಜುಳಾ_ಆರ್
ಹೌದು ಡಾಕ್ಟ್ರೇ, ರುಮ್ಯಾಟಿಕ್ ಅಂತಲೇ. ವಾಲ್ವ್ ದಪ್ಪ ಆಗಿದೆ, ಕುಗ್ಗಿದೆ ಅಂದಿದ್ದರು. ಲೀಕ್ ಜೊತೆ ಸ್ವಲ್ಪ ಕಿರಿದಾಗಿಯೂ ಇತ್ತು. ಯಾಕೆ?

ನಿದ್ದೆಡಾಕ್ಟರ್
ಅದೇ ಬೇರೆ ಕಾಯಿಲೆ, ಅದಕ್ಕೇ ಕೇಳಿದೆ. ವಾಲ್ವ್ ಅಂದರೆ ಎರಡು ತೆಳು ಎಲೆ, ಅವನ್ನು ಕೆಳಗಿನಿಂದ ಹಿಡಿದ ದಾರಗಳು, ಸುತ್ತ ಒಂದು ಬಳೆ. ಸಂಧ್ಯಾ ಅವರ ಅಪ್ಪನದರಲ್ಲಿ ಎಲೆಯಲ್ಲಿ ಬಟ್ಟೆ ಜಾಸ್ತಿ ಇದೆ, ದಾರ ಕಿತ್ತಿದೆ. ಜಾಸ್ತಿ ಇದ್ದರೆ ಕತ್ತರಿಸಿ ಹೊಲಿಯಬಹುದು. ಅಮ್ಮನದರಲ್ಲಿ ಎಲೆ ಕುಗ್ಗಿ ಗಟ್ಟಿಯಾಗಿತ್ತು, ದಾರಗಳು ಒಂದಕ್ಕೊಂದು ಅಂಟಿದ್ದವು. ಬಟ್ಟೆ ಸಾಲದ ಕಡೆ ಎಷ್ಟು ಹೊಲಿದರೂ ಎಳೆಯುತ್ತೆ, ಕಾಯಿಲೆಯೂ ಒಳಗೆ ಮುಂದುವರಿಯುತ್ತೆ. ಫ್ರಾನ್ಸಿನ ಸರ್ಜನ್ ಕಾರ್ಪಾಂತಿಯೇ ಈ ಎರಡಕ್ಕೂ ಬೇರೆ ಬೇರೆ ಟೈಪ್ ಹೆಸರಿಟ್ಟಿದ್ದು ಇದಕ್ಕೇ, ಎಲೆ ಅತಿಯಾಗಿ ಚಲಿಸಿದರೆ ಟೈಪ್ 2, ಕಟ್ಟಿ ಹಾಕಿದಂತೆ ಇದ್ದರೆ ಟೈಪ್ 3. ರುಮ್ಯಾಟಿಕ್‌ನಲ್ಲೂ ಎಲೆ ಇನ್ನೂ ಮೆತ್ತಗಿದ್ದು ಒಳ್ಳೆ ಕೈ ಸಿಕ್ಕರೆ ರಿಪೇರಿ ಮಾಡ್ತಾರೆ, ಮಾಡಬಾರದು ಅಂತಲ್ಲ. ಆದರೆ ಬಾಳಿಕೆ ಟೈಪ್ 2ರಷ್ಟು ಇರಲ್ಲ. ಅಮ್ಮನ ಅನುಭವ ನಿಜ, ಅಪ್ಪನಿಗೆ ಅದು ಅನ್ವಯ ಆಗಲ್ಲ.

ಪಿ2 ಅಂದರೆ ಹಿಂದಿನ ಎಲೆಯ ಮಧ್ಯದ ತುಣುಕು. ರಿಪೇರಿಗೆ ಇದಕ್ಕಿಂತ ಸುಲಭದ ಜಾಗ ಇಲ್ಲ. ಎದ್ದು ನಿಂತ ಭಾಗವನ್ನು ತ್ರಿಕೋನವಾಗಿ ಕತ್ತರಿಸಿ ಅಂಚು ಸೇರಿಸಿ ಹೊಲಿಯೋದು ಒಂದು ದಾರಿ. ಕತ್ತರಿಸದೆ ಗೋರ್-ಟೆಕ್ಸ್ ದಾರ ಹಾಕಿ ಕೆಳಗಿನ ಸ್ನಾಯುವಿಗೆ ಕಟ್ಟೋದು ಇನ್ನೊಂದು. ಯಾವುದು ಮೇಲು ಅಂತ ಸರ್ಜನ್‌ಗಳು ಇನ್ನೂ ಜಗಳ ಆಡ್ತಿದ್ದಾರೆ, ನಾನು ಎರಡೂ ಚೆನ್ನಾಗಿ ಬಂದಿದ್ದು ನೋಡಿದ್ದೀನಿ. ಎರಡರಲ್ಲೂ ಕೊನೆಗೆ ಬಳೆ ಹಾಕಿ ಹಿಗ್ಗಿದ ಬಾಯಿಯನ್ನು ಸರಿ ಅಳತೆಗೆ ತರ್ತಾರೆ. ಬಳೆ ಬಿಟ್ಟರೆ ಮತ್ತೆ ಹಿಗ್ಗುತ್ತೆ.

ಬದಲಿಸಿದರೆ ಏನು ನಷ್ಟ? ಮೆಟಲ್ ಆದರೆ ಜೀವನಪೂರ್ತಿ ವಾರ್ಫರಿನ್, ಮೈಟ್ರಲ್ ಜಾಗದಲ್ಲಿ ಐಎನ್‌ಆರ್ 3ರ ಆಸುಪಾಸು ಇರಬೇಕು. ಕಡಿಮೆಯಾದರೆ ಹೆಪ್ಪು, ಜಾಸ್ತಿಯಾದರೆ ರಕ್ತಸ್ರಾವ. ಟಿಷ್ಯೂ ವಾಲ್ವ್ ಆದರೆ ಸವೆಯುತ್ತೆ, 58 ವರ್ಷದವರಿಗೆ ಇನ್ನೊಂದು ಆಪರೇಷನ್ ಬಾಕಿ ಇಟ್ಟಂತೆ. ರಿಪೇರಿಯಲ್ಲಿ ಅವರದೇ ದಾರ, ಅವರದೇ ಎಲೆ ಉಳಿಯುತ್ತೆ. ಆ ದಾರಗಳು ಕುಹರದ ಆಕಾರ ಹಿಡಿದಿಡುತ್ತವೆ. ಹಿಂದೆ ಬದಲಿಸುವಾಗ ಎಲ್ಲಾ ಕತ್ತರಿಸಿ ತೆಗೆಯುತ್ತಿದ್ದರು, ಕುಹರ ಉಬ್ಬಿ ಸೋಲುತ್ತಿತ್ತು. ಈಗ ಬದಲಿಸಿದರೂ ಆದಷ್ಟು ದಾರ ಉಳಿಸ್ತಾರೆ. ಹಿಂದಿನ ಎಲೆಯ ಅರ್ಧಕ್ಕಿಂತ ಕಡಿಮೆ ಭಾಗ ಮಾತ್ರ ಹಾಳಾಗಿದ್ದಾಗ, ಅನುಭವದ ಕೇಂದ್ರದಲ್ಲಿ ರಿಪೇರಿಗೆ ಪ್ರಯತ್ನಿಸಿ ಸೋತ ಹೊರತು ಬದಲಿಸಬಾರದು ಅಂತ ಅದೇ 2020ರ ಗೈಡ್‌ಲೈನ್ ಹೇಳುತ್ತೆ. ಅದರಲ್ಲಿ ಅದು "ಹಾನಿ" ಅನ್ನೋ ಪಟ್ಟಿಯಲ್ಲಿದೆ.

ಸಂಧ್ಯಾ_ಕೆ
ಹಾಗಾದರೆ ಒಪ್ಪಿಗೆ ಪತ್ರದಲ್ಲಿ ಎರಡೂ ಯಾಕೆ?

ನಿದ್ದೆಡಾಕ್ಟರ್
ಯಾಕಂದರೆ ರಿಪೇರಿ ಕೂತಿದೆಯಾ ಇಲ್ಲವಾ ಅನ್ನೋದು ಹೃದಯ ಮತ್ತೆ ಬಡಿಯಲು ಶುರುಮಾಡಿದ ಮೇಲೇ ಗೊತ್ತಾಗೋದು. ಹೃದಯ ನಿಲ್ಲಿಸಿ ಹೊಲಿದು ನೀರು ತುಂಬಿ ನೋಡ್ತಾರೆ, ಚೆನ್ನಾಗಿ ಕಾಣುತ್ತೆ. ಬಡಿಯಲು ಶುರುವಾದ ಮೇಲೆ ಟಿಇಇಯಲ್ಲಿ ನಾನು ನೋಡ್ತೀನಿ. ಇಲ್ಲಿ ಒಂದು ಬಲೆ ಇದೆ. ಅರಿವಳಿಕೆಯಲ್ಲಿ ಬಿಪಿ ಕಡಿಮೆ. ಬಿಪಿ 85 ಇದ್ದಾಗ ಲೀಕ್ ಇಲ್ಲ ಅಂತ ಖುಷಿಪಟ್ಟು ಎದೆ ಮುಚ್ಚಿದರೆ, ವಾರ್ಡ್‌ಗೆ ಹೋಗಿ ಬಿಪಿ 130 ಆದಾಗ ಲೀಕ್ ಎದ್ದು ಕೂರುತ್ತೆ. ಹಾಗಾಗಿ ಔಷಧಿ ಕೊಟ್ಟು ಬಿಪಿ ಏರಿಸಿ, ಆಮೇಲೆ ನೋಡಬೇಕು. ಮೈಲ್ಡ್‌ಗಿಂತ ಜಾಸ್ತಿ ಉಳಿದಿದ್ದರೆ ಮತ್ತೆ ಪಂಪ್, ಅಂದರೆ ಹಾರ್ಟ್-ಲಂಗ್ ಮೆಷಿನ್ ಮೇಲೆ ಹಾಕಿ ಸರಿಮಾಡ್ತಾರೆ. ಎರಡು ಸಲ ಪ್ರಯತ್ನಿಸಿಯೂ ಆಗದಿದ್ದರೆ ಬದಲಿಸ್ತಾರೆ. ಆಪರೇಷನ್‌ಗೆ ಮೊದಲಿನ ಗ್ರೇಡ್‌ಗೂ ಇದೇ ಮಾತು. ನಿದ್ದೆಯಲ್ಲಿ ಟಿಇಇ ಮಾಡಿ "ಅಷ್ಟೇನಿಲ್ಲ, ಮಾಡರೇಟ್" ಅಂತ ವಾಪಸ್ ಹೋಗಬಾರದು.

ಇನ್ನೊಂದು ತೊಂದರೆ ಸ್ಯಾಮ್. ಹಿಂದಿನ ಎಲೆ ಎತ್ತರ ಉಳಿದರೆ ಅದು ಮುಂದಿನ ಎಲೆಯನ್ನು ಮುಂದಕ್ಕೆ ನೂಕುತ್ತೆ, ರಕ್ತ ಹೊರಹೋಗುವ ದಾರಿಗೆ ಅದು ಅಡ್ಡ ಬರುತ್ತೆ, ಲೀಕೂ ಆಗುತ್ತೆ. ನೋಡೋಕೆ ರಿಪೇರಿ ಫೇಲ್ ಆದಂತೆ ಕಾಣುತ್ತೆ. ಹೃದಯವನ್ನು ಚುರುಕುಗೊಳಿಸುವ ಔಷಧಿ ನಿಲ್ಲಿಸಿ, ದ್ರವ ತುಂಬಿ, ಬಡಿತ ನಿಧಾನ ಮಾಡಿದರೆ ಎಷ್ಟೋ ಸಲ ತಾನೇ ಸರಿಹೋಗುತ್ತೆ. ಇದು ಗೊತ್ತಿಲ್ಲದೆ ಒಳ್ಳೆ ರಿಪೇರಿ ಕಿತ್ತು ವಾಲ್ವ್ ಹಾಕಿದ್ದನ್ನು ಒಮ್ಮೆ ನೋಡಿದ್ದೀನಿ, ಎಲ್ಲಿ ಅಂತ ಕೇಳಬೇಡಿ.

ನೀವು ಸರ್ಜನ್‌ಗೆ ಕೇಳಬೇಕಾದ್ದು: ವರ್ಷಕ್ಕೆ ಎಷ್ಟು ಮೈಟ್ರಲ್ ಮಾಡ್ತೀರಿ, ಇಂಥ ಪಿ2ಗಳಲ್ಲಿ ಎಷ್ಟು ರಿಪೇರಿ ಆದವು, ಒಳಗೆ ಟಿಇಇ ಯಾರು ನೋಡ್ತಾರೆ. ಸಿಟ್ಟು ಮಾಡಿಕೊಂಡರೆ ಅದೂ ಒಂದು ಉತ್ತರವೇ.

ಪಿಜಿ_ಎರಡನೇವರ್ಷ
ಸರ್, ಒಂದು ಗೊಂದಲ. ರಿಪೇರಿ ಅಷ್ಟು ಒಳ್ಳೆಯದಾದರೆ ಹಾರ್ಟ್ ಅಟ್ಯಾಕ್ ಆದ ಮೇಲೆ ಬರುವ ಲೀಕ್‌ನಲ್ಲಿ ಯಾಕೆ ಬದಲಿಸ್ತಾರೆ? ಅಲ್ಲಿ ಎಲೆ ಚೆನ್ನಾಗೇ ಇರುತ್ತಲ್ಲ.

ನಿದ್ದೆಡಾಕ್ಟರ್
ಎಲೆ ಚೆನ್ನಾಗಿದೆ, ಕುಹರ ಕೆಟ್ಟಿದೆ. ಸ್ನಾಯು ಹಿಗ್ಗಿ ದಾರವನ್ನು ಕೆಳಕ್ಕೆ ಎಳೆಯುತ್ತೆ, ಎಲೆಗಳು ಸೇರಲ್ಲ. ಬಳೆ ಹಾಕಿ ಬಾಯಿ ಚಿಕ್ಕದು ಮಾಡಬಹುದು, ಆದರೆ ಎಳೆಯುವ ಸ್ನಾಯು ಹಾಗೇ ಇದೆ, ಕುಹರ ಹಿಗ್ಗಿದಂತೆ ಮತ್ತೆ ಲೀಕ್. 251 ಜನರನ್ನು ಎರಡು ಗುಂಪು ಮಾಡಿ ನೋಡಿದ ಒಂದು ದೊಡ್ಡ ಟ್ರಯಲ್‌ನಲ್ಲಿ ಎರಡು ವರ್ಷಕ್ಕೆ ರಿಪೇರಿ ಗುಂಪಿನಲ್ಲಿ ಸುಮಾರು 59% ಜನಕ್ಕೆ ಮಾಡರೇಟ್ ಅಥವಾ ಜಾಸ್ತಿ ಲೀಕ್ ಮರಳಿತು, ಬದಲಿ ಗುಂಪಿನಲ್ಲಿ 4%. ಬದುಕುಳಿದವರ ಪ್ರಮಾಣದಲ್ಲಿ ಮಾತ್ರ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ವಾದ ಮುಗಿದಿಲ್ಲ.

ಎಕೋರೂಮ್
ಸೇರಿಸಿ: ಅಂಥ ಲೀಕ್‌ನಲ್ಲಿ ತೂತು ಗುಂಡಗಿರಲ್ಲ, ಸೀಳಿನ ಹಾಗೆ ಉದ್ದ. ಅರ್ಧ ಚೆಂಡಿನ ಲೆಕ್ಕ ಅಲ್ಲಿ ಕಡಿಮೆ ತೋರಿಸುತ್ತೆ. ಎದೆ ತೆರೆಯದೆ ಎಲೆಗಳನ್ನು ಸೇರಿಸಿ ಹಿಡಿಯುವ ಕ್ಲಿಪ್ ಬಗ್ಗೆ 2018ರಲ್ಲಿ ಬಂದ ಮಿತ್ರಾ-ಎಫ್‌ಆರ್ ಮತ್ತು ಕೋಆಪ್ಟ್ ಎರಡು ಟ್ರಯಲ್ ಪರಸ್ಪರ ವಿರುದ್ಧ ಉತ್ತರ ಕೊಟ್ಟವು. ಅದಕ್ಕೆ ಕಾರಣ ಅಂತ ಹೇಳುವುದರಲ್ಲಿ ಲೀಕ್ ಅಳತೆಗೂ ಕುಹರದ ಅಳತೆಗೂ ಇರುವ ಹೊಂದಾಣಿಕೆ ಒಂದು. ಅದಕ್ಕೆ ಬೇರೆ ಥ್ರೆಡ್ ತೆಗೆಯಪ್ಪ, ಇಲ್ಲಿ ಸಂಧ್ಯಾ ಅವರ ಪ್ರಶ್ನೆ ಕಳೆದುಹೋಗುತ್ತೆ.

ಸಂಧ್ಯಾ_ಕೆ
ಎರಡು ತಿಂಗಳ ನಂತರ ಬರೀತಿದ್ದೀನಿ, ಕ್ಷಮಿಸಿ. ಸರ್ಜನ್ ಬದಲಿಸಿದೆವು. ಹೊಸಬರು ನಾನು ಕೇಳಿದ್ದಕ್ಕೆ ನಕ್ಕು, ಫೈಲ್ ತೆಗೆದು ಅಂಕಿ ತೋರಿಸಿದರು.

ಆಪರೇಷನ್ ಆಯ್ತು. ರಿಪೇರಿಯೇ ಆಯ್ತು, ಆದರೆ ಸುಲಭಕ್ಕಲ್ಲ. ಪಿ2 ಹೊಲಿದು ಬಳೆ ಹಾಕಿ ಪಂಪ್‌ನಿಂದ ಹೊರಗೆ ತಂದಾಗ ಮೊದಲು ಲೀಕ್ ಇಲ್ಲ ಅಂದರಂತೆ. ಬಿಪಿ ಏರಿಸಿದಾಗ ಪಿ2, ಪಿ3 ನಡುವಿನ ಸೀಳಿನಿಂದ ಒಂದು ಜೆಟ್ ಕಂಡಿತಂತೆ. ಮತ್ತೆ ಪಂಪ್ ಮೇಲೆ ಹಾಕಿ ಅದನ್ನೂ ಹೊಲಿದರು. ಹೊರಗೆ ಕೂತಿದ್ದ ನಮಗೆ "ಇನ್ನೂ ಒಂದು ಗಂಟೆ" ಅಂದಾಗ ಜೀವ ಹೋಗಿತ್ತು. ಇಲ್ಲಿ ಓದಿದ್ದು ನೆನಪಿತ್ತು, ಅಮ್ಮನಿಗೆ ಹೇಳಿದೆ, ಇದು ಕೆಟ್ಟ ಸುದ್ದಿ ಅಲ್ಲ ಅಂತ.

ಈಗ ಹೊಸ ಚಿಂತೆ. ಡಿಸ್ಚಾರ್ಜ್ ಎಕೋದಲ್ಲಿ ಲೀಕ್ ಟ್ರಿವಿಯಲ್. ಆದರೆ ಇಎಫ್ 52! ಮೊದಲು 61 ಇತ್ತು. ಆಪರೇಷನ್ ಮಾಡಿಸಿ ಹೃದಯ ದುರ್ಬಲ ಮಾಡಿಕೊಂಡೆ ಅಂತ ಅಪ್ಪ ಮುಖ ಊದಿಸಿಕೊಂಡಿದ್ದಾರೆ.

ಎಕೋರೂಮ್
ತುಂಬಿದಾಗಿನ ವಾಲ್ಯೂಮ್ ಎಷ್ಟು ಬರೆದಿದ್ದಾರೆ?

ಸಂಧ್ಯಾ_ಕೆ
150.

ಎಕೋರೂಮ್
150ರ 52% ಅಂದರೆ 78. ಲೀಕ್ ಇಲ್ಲದ್ದರಿಂದ ಹೆಚ್ಚುಕಡಿಮೆ ಅಷ್ಟೂ ಮುಂದಕ್ಕೆ. ಮೊದಲು ಮುಂದೆ ಹೋಗ್ತಿದ್ದಿದ್ದು 60. ಶೇಕಡಾ ಇಳಿದಿದೆ, ಮೈಗೆ ಸಿಗುವ ರಕ್ತ ಜಾಸ್ತಿ ಆಗಿದೆ. ಹಿಂಬಾಗಿಲು ಮುಚ್ಚಿದ ಮೇಲೆ ಕುಹರ ನಿಜವಾದ ಒತ್ತಡದ ವಿರುದ್ಧ ತಳ್ಳಬೇಕು, ಇಎಫ್ ಹೀಗೆ ಇಳಿಯೋದು ನಿರೀಕ್ಷಿತ. ಮುಂದಿನ ತಿಂಗಳುಗಳಲ್ಲಿ ಸ್ವಲ್ಪ ಏರಬಹುದು. ಆದರೆ ಒಂದು ಮಾತು ಮುಚ್ಚಿಡಲ್ಲ, 41 ಮಿ.ಮೀ. ಆಗುವ ಮೊದಲೇ ಮಾಡಿದ್ದರೆ ಇಷ್ಟು ಇಳಿಯುತ್ತಿರಲಿಲ್ಲ ಅಂತ ನನ್ನ ಅನಿಸಿಕೆ.

ಗಿರೀಶ_ಬಿ
ಅದು ಗೊತ್ತಾಗಿದ್ದೇ ಚೆಕಪ್‌ನಲ್ಲಿ ಅಲ್ವಾ, ಮೊದಲೇ ಹೇಗೆ ಮಾಡೋದು. ಆದರೂ ನಮ್ಮ ಮಾವನ ಹಳೆ ರಿಪೋರ್ಟ್ ಹುಡುಕಿದೆ. ಇಎಫ್ 63, ಮಾಡರೇಟ್, ಒಂದೇ ಸಾಲು. ಸಂಕುಚಿತ ಅಳತೆ ಬರೆದೇ ಇಲ್ಲ. ಮುಂದಿನ ವಾರ ಮತ್ತೆ ಮಾಡಿಸ್ತಿದ್ದೀನಿ, ಅಂಕಿ ಬಂದ ಮೇಲೆ ಇಲ್ಲೇ ಹಾಕ್ತೀನಿ.

ಸಂಧ್ಯಾ_ಕೆ
ಅಪ್ಪನಿಗೆ 60, 78 ಅಂತ ಕಾಗದದಲ್ಲಿ ಬರೆದು ಕೊಟ್ಟೆ. ಕನ್ನಡಕ ಹಾಕಿಕೊಂಡು ಎರಡು ಸಲ ಕಳೆದು ನೋಡಿದರು. "ಸರಿ, ಹಾಗಾದ್ರೆ ಆ 61 ಯಾವ ಲೆಕ್ಕ?" ಅಂತ ಕೇಳ್ತಿದ್ದಾರೆ. ಮತ್ತೆ ಮೊದಲಿಂದ ಶುರು ಮಾಡಬೇಕು.